ಐದಕ್ಕೆ ಮೂರು ಬಂದದ್ದು ಹೇಗೆ?

ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಜೂನ್ ತಿಂಗಳ ಪೋಷಕರ ಸಭೆ. ಹತ್ತನೇ ತರಗತಿಗೆ ಹೊಸದಾಗಿ ಬಂದ ಮಕ್ಕಳ ತಂದೆತಾಯಿಗಳ ಜೊತೆಗೆ, ಈ ಸಲ ಎಸ್ಸೆಸ್ಸೆಲ್ಸಿ ಮುಗಿಸಿದ ಕೆಲವು ಮಕ್ಕಳ ಮನೆಯವರೂ ಬಂದು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಬೇಡವೆಂದರೂ ಮುಖದಲ್ಲಿ ಕಾಣುವಷ್ಟು ಅಸಮಾಧಾನ ಅವರದು. ಕನ್ನಡದಲ್ಲಿ ತೊಂಬತ್ತರ ಮೇಲೆ ಬರುತ್ತದೆಂದು ಲೆಕ್ಕ ಹಾಕಿದ್ದ ಮನೆಗೆ ಎಂಬತ್ತರ ಆಸುಪಾಸು ಬಂದಿತ್ತು. ಪ್ರಬಂಧದಲ್ಲೇ ಹೋಯಿತು ಅಂಕ ಎಂಬುದು ಬಹುತೇಕರ ತೀರ್ಮಾನ.

ಕನ್ನಡದ ಮೇಡಂ ಮಾತು ಶುರು ಮಾಡುವ ಮೊದಲೇ ಎಲ್ಲರ ಕೈಗೂ ಒಂದೊಂದು ಜೆರಾಕ್ಸ್ ಹಾಳೆ ಬಂತು. ಮೇಲೆ 'ಗ್ರಂಥಾಲಯಗಳ ಮಹತ್ವ' ಎಂಬ ತಲೆಬರಹ, ಕೆಳಗೆ ಮಗುವೊಂದು ಬರೆದ ಪ್ರಬಂಧ, ಹಿಂದೆ ಮುಂದೆ ಸೇರಿ ಒಂದೂವರೆ ಪುಟ. ಬರೆದವರ ಹೆಸರಿಲ್ಲ. "ಐದಕ್ಕೆ ಎಷ್ಟು ಕೊಡ್ತೀರಿ? ಪಕ್ಕದವರನ್ನ ಕೇಳಬೇಡಿ. ಮೂಲೆಯಲ್ಲಿ ಬರೆದು ಮಡಚಿ ಕೊಡಿ" ಎಂದರು ಮೇಡಂ.

ವಾಪಸು ಬಂದ ಹಾಳೆಗಳನ್ನು ಅವರು ಒಂದೊಂದಾಗಿ ಓದುತ್ತಾ ಹೋದಂತೆ ಸಭೆಯಲ್ಲಿ ನಗು ಎದ್ದಿತು. ಎರಡು, ನಾಲ್ಕು, ಮೂರೂವರೆ, ಐದು, ಮತ್ತೆ ಎರಡು. ಒಬ್ಬರಂತೂ ನಾಲ್ಕೂಮುಕ್ಕಾಲು ಹಾಕಿದ್ದರು. ಐದು ಕೊಟ್ಟ ಅಜ್ಜ ಒಬ್ಬರನ್ನು ಕಾರಣ ಕೇಳಿದರೆ, "ಅಕ್ಷರ ನೋಡಿ ಮೇಡಂ, ಮುತ್ತು ಪೋಣಿಸಿದ ಹಾಗಿದೆ" ಎಂದರು. ಎರಡು ಕೊಟ್ಟ ಅಂಗಡಿಯವರಿಗೆ ಮೂರು ಕಡೆ ಒತ್ತಕ್ಷರ ತಪ್ಪಿದ್ದು ಕಣ್ಣಿಗೆ ಬಿದ್ದಿತ್ತು. ನಾಲ್ಕು ಕೊಟ್ಟ ತಾಯಿ, "ಪಾಪ, ಇಷ್ಟೊಂದು ಬರ್ದಿದೆಯಲ್ಲ ಮಗು" ಎಂದರು. ವಿಷಯ ಸಾಲದು ಎಂದು ಹೇಳಿದವರು ಇಬ್ಬರೋ ಮೂವರೋ.

ಅಜ್ಜ ನೋಡಿದ್ದು ಬರವಣಿಗೆಯನ್ನು, ಅಂಗಡಿಯವರು ಕಾಗುಣಿತವನ್ನು, ತಾಯಿ ಶ್ರಮವನ್ನು. ಯಾರದೂ ತಪ್ಪಲ್ಲ, ಓದಿದ್ದು ಮಾತ್ರ ಬೇರೆ ಬೇರೆ. ಅಂಕ ಹಾಕುವವರು ಮೇಷ್ಟ್ರಾದರೆ ಈ ಗೊಂದಲ ಇರುವುದಿಲ್ಲ ಎಂದು ಸಭೆ ಅಂದುಕೊಂಡಿತ್ತೋ ಏನೋ, ಮೇಡಂ ಅಲ್ಲಿಂದ ನೇರವಾಗಿ ನೂರು ವರ್ಷ ಹಿಂದಕ್ಕೆ ಹೋದರು.

1912ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಇಬ್ಬರು, ಹೈಸ್ಕೂಲು ಮಕ್ಕಳ ಎರಡು ಇಂಗ್ಲಿಷ್ ಉತ್ತರ ಪತ್ರಿಕೆಗಳ ಪ್ರತಿ ಮಾಡಿಸಿ ಅನೇಕ ಶಾಲೆಗಳಿಗೆ ಕಳಿಸಿದರು. 142 ಶಿಕ್ಷಕರು ಅಂಕ ಹಾಕಿ ವಾಪಸು ಕಳಿಸಿದ್ದು ಲೆಕ್ಕಕ್ಕೆ ಸಿಕ್ಕಿತು. ನೂರು ಅಂಕಕ್ಕೆ ಒಂದೇ ಪತ್ರಿಕೆಗೆ ಒಬ್ಬರು 64 ಕೊಟ್ಟಿದ್ದರೆ ಇನ್ನೊಬ್ಬರು 98 ಕೊಟ್ಟಿದ್ದರು. ಎರಡನೆಯ ಪತ್ರಿಕೆಯ ಗತಿ ಇನ್ನೂ ವಿಚಿತ್ರ: 50ರಿಂದ ಹಿಡಿದು ತೊಂಬತ್ತು ದಾಟಿದ ಅಂಕಗಳೂ ಇದ್ದವು. ಭಾಷೆಯಲ್ಲಿ ಹೀಗಾಗುವುದು ಸಹಜ, ಗಣಿತದಲ್ಲಿ ಆಗಲಾರದು ಎಂದು ಜನ ಆಕ್ಷೇಪ ಎತ್ತಿದರು. ಮರುವರ್ಷ ಅವರಿಬ್ಬರೂ ಒಂದು ರೇಖಾಗಣಿತದ ಪತ್ರಿಕೆ ಕಳಿಸಿದರು. ಈ ಸಲ 28 ಕೊಟ್ಟವರೂ ಇದ್ದರು, ತೊಂಬತ್ತರ ಮೇಲೆ ಕೊಟ್ಟವರೂ ಇದ್ದರು. ಹೆಜ್ಜೆಗಳಿಗೆ ಎಷ್ಟು, ಉತ್ತರಕ್ಕೆ ಎಷ್ಟು, ಅಚ್ಚುಕಟ್ಟಿಗೆ ಎಷ್ಟು ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ.

ಮೇಡಂ ಹೇಳಿದ ಎರಡನೆಯ ಪ್ರಯೋಗ ಪ್ರಬಂಧಕ್ಕೆ ಇನ್ನೂ ಹತ್ತಿರದ್ದು. 1961ರಲ್ಲಿ ಅಮೆರಿಕದ ಎಜುಕೇಷನಲ್ ಟೆಸ್ಟಿಂಗ್ ಸರ್ವೀಸ್ ಸಂಸ್ಥೆಯ ಪಾಲ್ ಡೀಡ್ರಿಕ್ ಮತ್ತು ಜೊತೆಗಾರರು ಕಾಲೇಜು ಸೇರಿದ ಮೊದಲ ವರ್ಷದ ವಿದ್ಯಾರ್ಥಿಗಳ 300 ಪ್ರಬಂಧಗಳನ್ನು 53 ಮಂದಿ ಓದುಗರ ಮುಂದಿಟ್ಟರು. ಓದುಗರಲ್ಲಿ ಇಂಗ್ಲಿಷ್ ಅಧ್ಯಾಪಕರಿದ್ದರು, ವಿಜ್ಞಾನದ ಅಧ್ಯಾಪಕರಿದ್ದರು, ಸಂಪಾದಕರು, ವಕೀಲರು, ವ್ಯಾಪಾರಸ್ಥರೂ ಇದ್ದರು. ಇದನ್ನು ನೋಡಿ, ಅದನ್ನು ನೋಡಿ ಎಂದು ಯಾರಿಗೂ ಹೇಳಿರಲಿಲ್ಲ. ಗುಣಕ್ಕೆ ತಕ್ಕಂತೆ ಒಂಬತ್ತು ಗುಂಪುಗಳಾಗಿ ವಿಂಗಡಿಸಿ ಎಂದಷ್ಟೇ ಸೂಚನೆ. ಕೊನೆಗೆ ನೋಡಿದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪ್ರಬಂಧಗಳು ಒಂಬತ್ತೂ ಗುಂಪುಗಳಲ್ಲಿ ಬಿದ್ದಿದ್ದವು. ಅಂದರೆ ಅದೇ ಪ್ರಬಂಧವನ್ನು ಅತ್ಯುತ್ತಮ ಎಂದವರೂ ಇದ್ದರು, ತೀರಾ ಕಳಪೆ ಎಂದವರೂ ಇದ್ದರು. ಐದಕ್ಕಿಂತ ಕಡಿಮೆ ಗುಂಪುಗಳಲ್ಲಿ ನಿಂತ ಪ್ರಬಂಧ ಒಂದೂ ಇರಲಿಲ್ಲ.

ಡೀಡ್ರಿಕ್ ಅಲ್ಲಿಗೇ ಕೈಬಿಡಲಿಲ್ಲ ಎಂಬುದು ಈ ಕಥೆಯ ಒಳ್ಳೆಯ ಭಾಗ. ಓದುಗರು ಬರೆದ ಟಿಪ್ಪಣಿಗಳನ್ನು ಕೂಡಿಸಿ ನೋಡಿದಾಗ, ಜಗಳದ ಒಳಗೂ ಒಂದು ಕ್ರಮ ಕಂಡಿತು. ಕೆಲವರು ವಿಚಾರಕ್ಕೆ ಬೆಲೆ ಕೊಡುವವರು, ಕೆಲವರು ಕಾಗುಣಿತ ವ್ಯಾಕರಣಕ್ಕೆ, ಕೆಲವರು ಜೋಡಣೆಗೆ, ಕೆಲವರು ಪದಗಳ ಆಯ್ಕೆಗೆ, ಮಿಕ್ಕವರು ಬರವಣಿಗೆಯ ಸೊಗಸಿಗೆ. ಒಂದು ಗುಂಪಿನೊಳಗೆ ಸಾಕಷ್ಟು ಒಮ್ಮತವಿತ್ತು, ಗುಂಪು ಗುಂಪಿನ ನಡುವೆ ಇರಲಿಲ್ಲ. ನಮ್ಮ ಅಜ್ಜ, ಅಂಗಡಿಯವರು, ತಾಯಿ ಅಷ್ಟು ದೂರದ ಆ ಕೋಣೆಯಲ್ಲೂ ಕೂತಿದ್ದರು ಅನ್ನಿ.

ಮಂಡಳಿಯ ಪರೀಕ್ಷೆಯಲ್ಲಿ 'ಮಾದರಿ ಉತ್ತರ ಮತ್ತು ಮೌಲ್ಯಮಾಪನ ಯೋಜನೆ' ಎಂಬ ಒಂದು ಕಾಗದ ಇರುವುದು ಈ ಕಾರಣಕ್ಕೇ. ಶಿಕ್ಷಕರ ಬಾಯಲ್ಲಿ ಅದು 'ಸ್ಕೀಮು'. ಪರೀಕ್ಷೆ ಮುಗಿದ ಮೇಲೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಮಾದರಿ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ಉತ್ತರ ಪತ್ರಿಕೆಗಳು ಬೇರೆ ಜಿಲ್ಲೆಯ ಮೌಲ್ಯಮಾಪನ ಕೇಂದ್ರಕ್ಕೆ ಹೋಗುತ್ತವೆ. ಅಲ್ಲಿ ಶಿಕ್ಷಕರು ತಂಡ ತಂಡವಾಗಿ ಕೂರುತ್ತಾರೆ, ಪ್ರತಿ ತಂಡಕ್ಕೂ ಒಬ್ಬ ಉಪಮುಖ್ಯ ಮೌಲ್ಯಮಾಪಕರು. ಕೆಂಪು ಪೆನ್ನು ಹಿಡಿಯುವ ಮೊದಲು ಸ್ಕೀಮಿನ ಬಗ್ಗೆ ಚರ್ಚೆ ಆಗುತ್ತದೆ, ಯಾವುದಕ್ಕೆ ಎಷ್ಟು ಎಂದು. ಆಮೇಲೆ ಶಿಕ್ಷಕರು ನೋಡಿದ ಪತ್ರಿಕೆಗಳಲ್ಲಿ ಕೆಲವನ್ನು ಉಪಮುಖ್ಯರು ತೆಗೆದು ಮತ್ತೆ ನೋಡುತ್ತಾರೆ.

"ಸ್ಕೀಮು ಇರೋದು ನಿಮ್ಮ ಮಗು ಎಷ್ಟು ಚೆನ್ನಾಗಿ ಬರೆದಿದೆ ಅಂತ ಹೇಳೋಕಲ್ಲ" ಎಂದರು ಮೇಡಂ. "ನಾನು ನೋಡಿದ್ರೂ, ಬೀದರ್‌ನಲ್ಲಿ ಕೂತಿರೋ ಮೇಷ್ಟ್ರು ನೋಡಿದ್ರೂ ಹೆಚ್ಚುಕಮ್ಮಿ ಒಂದೇ ಅಂಕ ಬರಲಿ ಅಂತ."

ಹಾಗಾಗಬೇಕಾದರೆ ಪ್ರಬಂಧವನ್ನು ಒಟ್ಟಾರೆ ಓದಿ ಖುಷಿಪಟ್ಟು ಅಂಕ ಹಾಕುವಂತಿಲ್ಲ. ಅದನ್ನು ಭಾಗ ಮಾಡಬೇಕು. ಈಚಿನ ವರ್ಷಗಳಲ್ಲಿ ಪ್ರಥಮ ಭಾಷೆಗೆ ಲಿಖಿತ ಪರೀಕ್ಷೆ 100 ಅಂಕಕ್ಕೆ, ಶಾಲೆಯ ಆಂತರಿಕ ಮೌಲ್ಯಮಾಪನ 25ಕ್ಕೆ. ಆ ನೂರರಲ್ಲಿ ಪ್ರಬಂಧದ ಪಾಲು ನಾಲ್ಕೈದು ಅಂಕ ಅಷ್ಟೇ. ಲೆಕ್ಕಕ್ಕೆ ಸುಲಭವಾಗಲಿ ಎಂದು ಮೇಡಂ ಐದು ಇಟ್ಟುಕೊಂಡರು. ಪೀಠಿಕೆಗೆ ಒಂದು, ವಿಷಯ ವಿವರಣೆಗೆ ಮೂರು, ಉಪಸಂಹಾರಕ್ಕೆ ಒಂದು. ಭಾಷೆ, ಶೈಲಿಯ ಲೆಕ್ಕ ಈ ಮೂರರೊಳಗೇ ಸೇರಿಹೋಗುತ್ತದೆ. ಬೋರ್ಡಿನ ಮೇಲೆ ಇಷ್ಟು ಬರೆದು, ಅವರು ಮತ್ತೆ ಆ ಜೆರಾಕ್ಸ್ ಹಾಳೆಯನ್ನು ಕೈಗೆತ್ತಿಕೊಂಡರು.

ಒಂದೂವರೆ ಪುಟದ ಆ ಪ್ರಬಂಧ ಶುರುವಾಗುವುದು ಜ್ಞಾನದ ಮಹಿಮೆಯಿಂದ. ಮನುಷ್ಯ ಹೇಗೆ ಪ್ರಾಣಿಗಳಿಗಿಂತ ಭಿನ್ನ, ಜ್ಞಾನ ಹೇಗೆ ಕತ್ತಲೆಯನ್ನು ಕಳೆಯುತ್ತದೆ, ನಳಂದದಲ್ಲಿ ಎಂಥ ವಿದ್ಯಾಪೀಠವಿತ್ತು ಎಂದೆಲ್ಲ ಹೇಳುವಷ್ಟರಲ್ಲಿ ಮುಕ್ಕಾಲು ಪುಟ ಆಗಿದೆ. ನಂತರ ಪುಸ್ತಕಗಳು ನಮ್ಮ ಮಿತ್ರರು ಎಂಬ ಒಂದು ಪ್ಯಾರಾ. ಇದೇ ಪ್ಯಾರಾವನ್ನು 'ಓದಿನ ಮಹತ್ವ' ಎಂಬ ಪ್ರಬಂಧಕ್ಕೂ, 'ವಿದ್ಯಾರ್ಥಿ ಜೀವನ'ಕ್ಕೂ ಹಾಗೆಯೇ ಅಂಟಿಸಬಹುದು. ಗೈಡಿನಿಂದ ಬಾಯಿಪಾಠ ಮಾಡಿದ್ದು ಎಂದು ಮೌಲ್ಯಮಾಪಕರಿಗೆ ಎರಡನೇ ಸಾಲಿಗೇ ಗೊತ್ತಾಗುತ್ತದೆ, ಯಾಕೆಂದರೆ ಅದೇ ಕಟ್ಟಿನ ಇನ್ನೊಂದಷ್ಟು ಪತ್ರಿಕೆಗಳಲ್ಲಿ ಅವೇ ಸಾಲುಗಳು ಬಂದಿರುತ್ತವೆ. ಗ್ರಂಥಾಲಯ ಎಂಬ ಪದ ಮೊದಲ ಸಲ ಕಾಣಿಸುವುದು ಪುಟ ಮಗುಚಿದ ಮೇಲೆ. ಶಾಲಾ ಗ್ರಂಥಾಲಯ, ಸಾರ್ವಜನಿಕ ಗ್ರಂಥಾಲಯ, ಡಿಜಿಟಲ್ ಗ್ರಂಥಾಲಯ ಎಂದು ವಿಧಗಳ ಹೆಸರು ಹೇಳಿ, "ಹೀಗೆ ಗ್ರಂಥಾಲಯಗಳು ತುಂಬಾ ಮಹತ್ವವಾಗಿವೆ" ಎಂದು ಮುಗಿದಿದೆ.

ಈಗ ಅಂಕ. ಪೀಠಿಕೆ ಉದ್ದವಾದರೂ ಇದೆ, ಒಂದು ಅಂಕ ಸಿಗುತ್ತದೆ. ಉದ್ದ ಇದೆ ಎಂದು ಒಂದೂವರೆ ಕೊಡಲು ಸ್ಕೀಮಿನಲ್ಲಿ ಜಾಗವಿಲ್ಲ. ವಿವರಣೆಯ ಮೂರು ಅಂಕಕ್ಕೆ ಮೌಲ್ಯಮಾಪಕರು ಹುಡುಕುವುದು ಗ್ರಂಥಾಲಯದಿಂದ ಯಾರಿಗೆ ಏನು ಆಗುತ್ತದೆ ಎಂಬುದನ್ನು. ಇಲ್ಲಿ ಸಿಕ್ಕಿದ್ದು ವಿಧಗಳ ಪಟ್ಟಿ ಒಂದು, ಪುಸ್ತಕದ ಬಗ್ಗೆ ಸಾಮಾನ್ಯ ಮಾತು ಒಂದು. ಒಂದೂವರೆ ಕೊಡಬಹುದು. ಕೊನೆಯ ಸಾಲು ಉಪಸಂಹಾರ ಎನ್ನುವುದಕ್ಕೂ ಕಷ್ಟ, ಇಲ್ಲ ಎನ್ನುವುದಕ್ಕೂ ಕಷ್ಟ, ಅರ್ಧ. ಒಟ್ಟು ಮೂರು.

"ಒಂದೂವರೆ ಪುಟ ಬರ್ದಿದಾಳಲ್ಲ ಮೇಡಂ, ಮೂರೇನಾ?" ಎಂದು ಹಿಂದಿನ ಬೆಂಚಿನಿಂದ ಒಬ್ಬ ತಂದೆ ಕೇಳಿದರು.

ಮೇಡಂ ಉತ್ತರವಾಗಿ ಇನ್ನೊಂದು ಪ್ರಬಂಧ ಓದಿದರು. ಅದು ಮುಕ್ಕಾಲು ಪುಟವೂ ಇಲ್ಲ. ಪುಸ್ತಕಗಳನ್ನು ಸಂಗ್ರಹಿಸಿ ಓದುವವರಿಗೆ ಒದಗಿಸುವ ಜಾಗವೇ ಗ್ರಂಥಾಲಯ ಎಂದು ಎರಡು ವಾಕ್ಯದ ಪೀಠಿಕೆ. ಕಾಸು ಕೊಟ್ಟು ಪುಸ್ತಕ ಕೊಳ್ಳಲಾಗದವರಿಗೆ ಅಲ್ಲಿ ಪುಕ್ಕಟೆ ಓದಲು ಸಿಗುತ್ತದೆ ಎಂಬುದು ಮೊದಲ ಅಂಶ. ಹಳೆಯ ಪುಸ್ತಕ, ಪತ್ರಿಕೆಗಳು ಹಾಳಾಗದೆ ಉಳಿಯುತ್ತವೆ ಎಂಬುದು ಎರಡನೆಯದು. ಮೂರನೆಯದನ್ನು ಹುಡುಗ ತನ್ನ ಊರಿನಿಂದಲೇ ತಂದಿದ್ದ: ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕೂತು ನಮ್ಮಣ್ಣ ಪೊಲೀಸ್ ಪರೀಕ್ಷೆಗೆ ಓದುತ್ತಾನೆ, ಮನೆಯಲ್ಲಿ ಜಾಗ ಇಲ್ಲ, ಟಿ.ವಿ. ಗಲಾಟೆ ಎಂದು. ಕೊನೆಗೆ, ಊರಿಗೊಂದು ಗ್ರಂಥಾಲಯ ಇದ್ದರೆ ಸಾಲದು, ಅದು ಸಂಜೆಯೂ ತೆರೆದಿರಬೇಕು ಎಂಬ ಮಾತಿನೊಂದಿಗೆ ಮುಕ್ತಾಯ. ತಲೆಬರಹದಿಂದ ಹಿಡಿದು ಎಲ್ಲ ಕಡೆ 'ಗ್ರಂತಾಲಯ' ಎಂದೇ ಬರೆದಿದ್ದಾನೆ. ಮಹಾಪ್ರಾಣದ ಜೊತೆ ಅವನಿಗೆ ಅಷ್ಟಾಗಿ ನಂಟಿಲ್ಲ.

ಪೀಠಿಕೆಗೆ ಒಂದು, ಮೂರು ಅಂಶಗಳಿಗೆ ಮೂರು, ಉಪಸಂಹಾರಕ್ಕೆ ಅರ್ಧದಿಂದ ಒಂದು. ಕಾಗುಣಿತಕ್ಕೆ ಎಲ್ಲೋ ಅರ್ಧ ಕಡಿಮೆಯಾದರೂ ನಾಲ್ಕು ಖಂಡಿತ. "ತಪ್ಪಿಗೊಂದರಂತೆ ಅಂಕ ಕಳೀತಾ ಹೋದ್ರೆ ಇವನ ಐದೂ ಅಂಕ ಪೀಠಿಕೆಯಲ್ಲೇ ಮುಗಿದುಹೋಗುತ್ತೆ. ಒಂದೇ ಪದ ಹತ್ತು ಸಲ ತಪ್ಪಿದ್ರೆ ಅದು ಒಂದು ತಪ್ಪು, ಹತ್ತಲ್ಲ" ಎಂದು ಮೇಡಂ ಹೇಳಿದಾಗ ಅಂಗಡಿಯವರಿಗೆ ಅದು ಅಷ್ಟು ರುಚಿಸಿದಂತೆ ಕಾಣಲಿಲ್ಲ. ಅವರ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಭಾಷೆಯ ಪರೀಕ್ಷೆಯಲ್ಲಿ ಕಾಗುಣಿತಕ್ಕೆ ಇಷ್ಟು ಸಲಿಗೆ ಕೊಡಬೇಕೇ ಎಂಬುದು ಶಿಕ್ಷಕರ ನಡುವೆಯೂ ಮುಗಿಯದ ವಾದ. ಡೀಡ್ರಿಕ್ಕನ ಕೋಣೆಯಲ್ಲಿ ಇದ್ದ ವಾದವೂ ಅದೇ.

ಇಲ್ಲಿಗೆ ಒಂದು ವಿಷಯ ತಾನಾಗಿ ಹೊರಬರುತ್ತದೆ. ಪ್ರಬಂಧದಲ್ಲಿ ಮಗುವಿಗೆ ಕಳೆದುಹೋಗಬಹುದಾದದ್ದು ಹೆಚ್ಚೆಂದರೆ ಎರಡು ಅಂಕ. ಹಾಗಾದರೆ ಮಿಕ್ಕ ಎಂಟೋ ಹತ್ತೋ ಅಂಕ ಎಲ್ಲಿ ಹೋಯಿತು?

ಮೇಡಂ ಹೇಳುವ ಪ್ರಕಾರ, ಪ್ರಬಂಧಕ್ಕೆ ಅಂಕ ಹಾಕುವ ಈ ಕ್ರಮ ಪ್ರಬಂಧದಲ್ಲೇ ನಿಲ್ಲುವುದಿಲ್ಲ. ಪತ್ರಿಕೆಯ ಉದ್ದಕ್ಕೂ ಅದೇ ನಡೆಯುತ್ತದೆ, ಮನೆಯವರ ಗಮನಕ್ಕೆ ಬರುವುದು ಕೊನೆಯ ಪುಟದ ಪ್ರಬಂಧ ಮಾತ್ರ. ಸಂದರ್ಭ ಸಹಿತ ವಿವರಿಸಿ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಮೂರು ಅಂಕ ಎಂದರೆ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂಬ ಮೂರಕ್ಕೆ ಒಂದೊಂದು. ಯಾವ ಪಾಠ, ಯಾರ ಕೃತಿ ಎಂದು ಬರೆಯದೆ, ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದನ್ನು ಅರ್ಧ ಪುಟ ಸೊಗಸಾಗಿ ಬರೆದ ಮಗುವಿಗೆ ಸಿಗುವುದು ಸಂದರ್ಭದ ಒಂದು, ಸ್ವಾರಸ್ಯ ಎಲ್ಲಾದರೂ ನುಸುಳಿದ್ದರೆ ಇನ್ನೊಂದು. ಆಯ್ಕೆಯ ಅಂಕ ಹೋಯಿತು. ಅದನ್ನು ಬರೆಯಲು ಬೇಕಾಗಿದ್ದದ್ದು ಒಂದು ಸಾಲು. ಸಾಹಿತಿಗಳ ಪರಿಚಯವೂ ಹಾಗೆಯೇ: ಸ್ಥಳ, ಕಾಲ, ಕೃತಿ, ಪ್ರಶಸ್ತಿ ಎಂದು ಮೌಲ್ಯಮಾಪಕರ ಕಣ್ಣು ಹುಡುಕುತ್ತದೆ. ಕುವೆಂಪು ಅವರ ಮೇಲಿನ ಅಭಿಮಾನದಲ್ಲಿ ಮಗು ಎಂಟು ಸಾಲು ಬರೆದು, ಹುಟ್ಟಿದ ಊರನ್ನು ಬಿಟ್ಟರೆ ಅಭಿಮಾನಕ್ಕೆ ಅಂಕವಿಲ್ಲ. ಪತ್ರಲೇಖನದಲ್ಲಿ ದಿನಾಂಕ, ಸಂಬೋಧನೆ, ಹೊರವಿಳಾಸಗಳಲ್ಲಿ ಒಂದು ತಪ್ಪಿದರೂ ಅರ್ಧ ಜಾರುತ್ತದೆ.

ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ ಎಂಬ ದೊಡ್ಡ ಪ್ರಶ್ನೆಗಳಲ್ಲಿ ಇನ್ನೂ ಸೂಕ್ಷ್ಮವಾಗಿ ಇದು ಆಗುತ್ತದೆ. ಉತ್ತರದಲ್ಲಿ ನಾಲ್ಕು ಅಂಶ ಬರಬೇಕೆಂದು ಸ್ಕೀಮು ಹೇಳಿದ್ದರೆ, ಒಂದೇ ಅಂಶವನ್ನು ನಾಲ್ಕು ರೀತಿ ಹೇಳಿದ ಮಗು ಮನೆಗೆ ಬಂದು ಪುಟ ತುಂಬಿಸಿದೆ ಎಂದೇ ಹೇಳುತ್ತದೆ. ಅದು ಸುಳ್ಳಲ್ಲ. ಹೀಗೆ ಅರ್ಧ, ಒಂದು, ಅರ್ಧ ಎಂದು ಹತ್ತು ಹನ್ನೆರಡು ಕಡೆ ಸೋರಿದ್ದು ಒಟ್ಟಿಗೆ ಸೇರಿ ಒಂಬತ್ತು ಅಂಕ ಆಗುತ್ತದೆ. ಯಾವ ಒಂದು ಉತ್ತರವನ್ನು ತೆಗೆದು ನೋಡಿದರೂ ಅನ್ಯಾಯ ಆಯಿತು ಎಂದು ತೋರಿಸಲು ಆಗುವುದಿಲ್ಲ. ಅದಕ್ಕೇ ಆಶ್ಚರ್ಯ.

ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯ ಅಂಕವೂ ಈ ಆಶ್ಚರ್ಯಕ್ಕೆ ಪಾಲು ಹಾಕುತ್ತದೆ ಎಂದು ಮೇಡಂ ಒಪ್ಪಿಕೊಂಡರು. ಅಲ್ಲಿ ಅಂಕ ಹಾಕುವುದು ವರ್ಷವಿಡೀ ಪಾಠ ಹೇಳಿದ ಶಿಕ್ಷಕರೇ. ಮಗು ಅರ್ಧ ವಾಕ್ಯ ಬರೆದಿದ್ದರೆ ಉಳಿದರ್ಧ ಅವರಿಗೆ ತಿಳಿಯುತ್ತದೆ; ತರಗತಿಯಲ್ಲಿ ಅದೇ ಮಗು ಅದೇ ಮಾತನ್ನು ಸರಿಯಾಗಿ ಹೇಳಿದ್ದು ನೆನಪಿರುತ್ತದೆ. ಆ ನೆನಪು ಪೆನ್ನಿನ ತುದಿಗೆ ಬಂದು ಕೂರುತ್ತದೆ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ಗುರುತಿಸಿದ್ದ: ಒಬ್ಬ ವ್ಯಕ್ತಿಯ ಒಂದು ಗುಣ ನಮಗೆ ಹಿಡಿಸಿದರೆ, ಸಂಬಂಧವಿಲ್ಲದ ಬೇರೆ ಗುಣಗಳಿಗೂ ನಾವು ಗೊತ್ತಿಲ್ಲದೆ ಹೆಚ್ಚು ಅಂಕ ಕೊಡುತ್ತೇವೆ. ಪರಜಿಲ್ಲೆಯ ಮೌಲ್ಯಮಾಪಕರಿಗೆ ಆ ಮಗುವಿನ ಮುಖವೂ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ಹಾಳೆಯ ಮೇಲೆ ಇರುವುದಷ್ಟೇ ಅವರ ಪಾಲಿಗೆ ಮಗು. ಶಾಲೆಯಲ್ಲಿ 92 ಬಂದು ಮಂಡಳಿಯಲ್ಲಿ 83 ಬಂದರೆ ಎರಡರಲ್ಲಿ ಯಾವುದು ನಿಜವಾದ ಅಂಕ ಎಂದು ಕೇಳುವುದಕ್ಕಿಂತ, ಮೊದಲನೆಯದನ್ನು ಹಾಕಿದವರಿಗೆ ಮಗುವಿನ ಪರಿಚಯ ಎಷ್ಟಿತ್ತು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಹಾಗೆಂದು ಮೌಲ್ಯಮಾಪನ ಕೇಂದ್ರದಲ್ಲಿ ಎಲ್ಲವೂ ತಕ್ಕಡಿಯಲ್ಲಿಟ್ಟಂತೆ ನಡೆಯುತ್ತದೆ ಎಂದು ಮೇಡಂ ಹೇಳಲಿಲ್ಲ. ಸ್ಕೀಮು ಹಿಡಿದು ಕೂತರೂ ಮನುಷ್ಯರ ಕಣ್ಣು ಮನುಷ್ಯರದೇ. ತುಂಬಾ ಚೆನ್ನಾಗಿ ಬರೆದ ಎರಡು ಮೂರು ಪತ್ರಿಕೆಗಳ ನಂತರ ಬಂದ ಸಾಧಾರಣ ಪ್ರಬಂಧ ಇದ್ದುದಕ್ಕಿಂತ ಸಪ್ಪೆಯಾಗಿ ಕಾಣುತ್ತದೆ, ಕಳಪೆ ಪತ್ರಿಕೆಗಳ ನಂತರ ಬಂದರೆ ಅದೇ ಪ್ರಬಂಧ ಮಿಂಚುತ್ತದೆ. ದುಂಡಗಿನ ಅಕ್ಷರಕ್ಕೆ ಅಂಕ ಇಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಒಂದೇ ಉತ್ತರವನ್ನು ಒಳ್ಳೆಯ ಅಕ್ಷರದಲ್ಲೂ ಕೆಟ್ಟ ಅಕ್ಷರದಲ್ಲೂ ಬರೆಸಿ ನೋಡಿದ ಅಧ್ಯಯನಗಳಲ್ಲಿ ಅಚ್ಚುಕಟ್ಟಾದ ಪ್ರತಿಗೆ ಹೆಚ್ಚು ಅಂಕ ಬಂದದ್ದು ಮತ್ತೆ ಮತ್ತೆ ಕಂಡಿದೆ. ಅಜ್ಜ ಕೊಟ್ಟ ಐದು ಅಂಕವನ್ನು ನಕ್ಕು ತಳ್ಳಿಹಾಕುವಂತಿಲ್ಲ.

ಇನ್ನೊಂದು ಒಲವು ಹೆಚ್ಚು ಮಾತಿಗೆ ಬರುವುದಿಲ್ಲ. ಐದಕ್ಕೆ ಮೂರು ಎಂಬುದು ಮೌಲ್ಯಮಾಪಕರಿಗೆ ನೆಮ್ಮದಿಯ ಅಂಕ. ಒಂದು ಕೊಟ್ಟರೆ ಉಪಮುಖ್ಯರು ಯಾಕೆ ಎಂದು ಕೇಳಬಹುದು, ಐದು ಕೊಟ್ಟರೂ ಕೇಳಬಹುದು. ಮೂರಕ್ಕೆ ಯಾರೂ ಕೇಳುವುದಿಲ್ಲ. ಸಂದೇಹ ಬಂದ ಕಡೆಯೆಲ್ಲ ಕೈ ಮಧ್ಯಕ್ಕೆ ಜಾರುತ್ತದೆ. ಇದರಿಂದ ಕಷ್ಟಪಟ್ಟು ಬರೆದ ಜಾಣ ಮಗುವಿಗೆ ಅರ್ಧ ಒಂದು ಅಂಕ ಕಡಿಮೆಯಾಗುತ್ತದೆ, ಏನೋ ಗೀಚಿದ ಮಗುವಿಗೆ ಅಷ್ಟೇ ಜಾಸ್ತಿಯಾಗುತ್ತದೆ. ನಿರೀಕ್ಷೆಗಿಂತ ಹೆಚ್ಚು ಬಂದವರು ಪೋಷಕರ ಸಭೆಯಲ್ಲಿ ಎದ್ದುನಿಂತು ಕೇಳುವುದಿಲ್ಲವಾದ್ದರಿಂದ ಈ ಎರಡನೆಯ ಆಶ್ಚರ್ಯ ಲೆಕ್ಕಕ್ಕೇ ಬರುವುದಿಲ್ಲ.

ಅಂಶಕ್ಕೆ ಅಂಕ ಎಂಬ ಕ್ರಮಕ್ಕೂ ಒಂದು ದಂಡ ತೆರಬೇಕಾಗುತ್ತದೆ. ಪೀಠಿಕೆ, ವಿವರಣೆ, ಉಪಸಂಹಾರದ ಚೌಕಟ್ಟಿಗೆ ಸಿಗದ ಪ್ರಬಂಧವನ್ನು, ಉದಾಹರಣೆಗೆ ಗ್ರಂಥಾಲಯದ ಮುಂದಿನ ಜಗಲಿಯಲ್ಲಿ ಕೂರುವ ಮುದುಕರ ಮಾತಿನ ಮೂಲಕವೇ ಎಲ್ಲವನ್ನೂ ಹೇಳಿದ ಒಂದು ಮಗುವಿನ ಬರವಣಿಗೆಯನ್ನು, ಏನು ಮಾಡಬೇಕು? ಅಂಶಗಳು ಒಳಗಿವೆ, ಆದರೆ ಹುಡುಕಿಕೊಳ್ಳಬೇಕು. ಪುರುಸೊತ್ತಿರುವ ಓದುಗ ಹುಡುಕುತ್ತಾನೆ. ದಿನದ ಕೊನೆಯ ಕಟ್ಟಿನಲ್ಲಿ ಅದು ಬಂದರೆ ಹುಡುಕುವ ಖಾತರಿ ಇಲ್ಲ. ಒಳ್ಳೆಯ ಬರಹಗಾರರಾಗಬಹುದಾದ ಮಕ್ಕಳಿಗೆ ಪರೀಕ್ಷೆಯ ಪ್ರಬಂಧದಲ್ಲಿ ಕೆಲವೊಮ್ಮೆ ಪೂರ್ಣ ಅಂಕ ತಪ್ಪುವುದು ಹೀಗೆ. ಇಬ್ಬರು ಮೌಲ್ಯಮಾಪಕರು ಒಪ್ಪುವಂತೆ ಮಾಡಲು ಹೊರಟ ಸ್ಕೀಮಿಗೆ ಇದರ ಪರಿಹಾರ ತಿಳಿಯದು. ಪ್ರಬಂಧದ ತೂಕವನ್ನು ನಾಲ್ಕೈದು ಅಂಕಕ್ಕೆ ಸೀಮಿತಗೊಳಿಸಿರುವುದು ಇಂಥ ಏರುಪೇರು ಒಟ್ಟು ಅಂಕವನ್ನು ಹೆಚ್ಚು ಕದಲಿಸದಂತೆ ನೋಡಿಕೊಳ್ಳುತ್ತದೆ ಎಂಬುದಷ್ಟೇ ಸಮಾಧಾನ.

ಪ್ರಶ್ನೋತ್ತರದ ಹೊತ್ತಿಗೆ ಎಲ್ಲರೂ ಬಂದು ನಿಂತದ್ದು ಮರುಮೌಲ್ಯಮಾಪನದ ಮುಂದೆ. ಹಾಕಿಸಬೇಕೋ ಬೇಡವೋ? ಮೇಡಂ ಅದಕ್ಕೆ ಹೌದು, ಇಲ್ಲ ಎಂದು ಹೇಳದೆ, ಮೊದಲು ಉತ್ತರ ಪತ್ರಿಕೆಯ ಪ್ರತಿ ತರಿಸಿ ಎಂದರು. ಫಲಿತಾಂಶದ ನಂತರ ಮಂಡಳಿ ಅದಕ್ಕೆ ದಿನಾಂಕ, ಶುಲ್ಕ ನಿಗದಿ ಮಾಡಿ ಅರ್ಜಿ ಕರೆಯುತ್ತದೆ. ಆ ದಿನಾಂಕ ದಾಟಿದರೆ ಮುಗಿಯಿತು. ಪ್ರತಿ ಬಂದ ಮೇಲೆ ಓದುವುದಕ್ಕೂ ಒಂದು ಕ್ರಮ ಉಂಟು. ಉತ್ತರ ಚೆನ್ನಾಗಿದೆಯೇ ಎಂದು ನೋಡುವುದು ಕೊನೆಗೆ. ಮೊದಲು ಪ್ರತಿ ಪುಟದಲ್ಲೂ, ಹಿಂಬದಿಯಲ್ಲೂ, ಕೆಂಪು ಶಾಯಿ ಬಿದ್ದಿದೆಯೇ ನೋಡಬೇಕು. ಆಮೇಲೆ ಒಳಗೆ ಪ್ರತಿ ಪ್ರಶ್ನೆಗೆ ಹಾಕಿದ ಅಂಕವೇ ಮುಖಪುಟದ ಚೌಕಗಳಿಗೆ ಬಂದಿದೆಯೇ, ಕೂಡಿದ್ದು ಸರಿಯೇ ಎಂದು. ಇವು ಎಣಿಕೆಯ ತಪ್ಪುಗಳು, ಇದ್ದರೆ ಎದ್ದು ಕಾಣುತ್ತವೆ, ವಾದ ಮಾಡಬೇಕಿಲ್ಲ. ಅದಾದ ಮೇಲೆ ಮಂಡಳಿ ಪ್ರಕಟಿಸಿದ ಮಾದರಿ ಉತ್ತರವನ್ನು ಪಕ್ಕಕ್ಕಿಟ್ಟುಕೊಂಡು, ಅದರಲ್ಲಿರುವ ಅಂಶ ಮಗುವಿನ ಉತ್ತರದಲ್ಲೂ ಇದ್ದು ಅಂಕ ಬಾರದ ಜಾಗಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡುತ್ತಾ ಹೋಗಬೇಕು.

ಹಿಂದಿನ ಬೆಂಚಿನ ತಾಯಿಯೊಬ್ಬರು ಬ್ಯಾಗಿನಿಂದ ಮಗಳ ಉತ್ತರ ಪತ್ರಿಕೆಯ ಪ್ರತಿಯನ್ನೇ ತೆಗೆದರು. ಪ್ರಬಂಧಕ್ಕೆ ಮೂರು ಬಂದಿತ್ತು, ಅವರ ತಕರಾರೆಲ್ಲ ಅದರ ಮೇಲೆ. ಮೇಡಂ ಪ್ರಬಂಧವನ್ನು ಓದಿ, ಇದನ್ನು ಇನ್ನೊಬ್ಬರು ನೋಡಿದರೆ ಮೂರೇ ಬರಬಹುದು, ಮೂರೂವರೆಯೂ ಬರಬಹುದು, ಇದನ್ನು ನಂಬಿಕೊಂಡು ದುಡ್ಡು ಕಟ್ಟಬೇಡಿ ಎಂದರು. ಆಮೇಲೆ ಪುಟ ತಿರುವುತ್ತಾ ಬಂದು ಒಂದು ಪದ್ಯದ ದೊಡ್ಡ ಉತ್ತರದ ಹತ್ತಿರ ನಿಂತರು. ಉತ್ತರ ಒಂದು ಪುಟದ ತಳದಲ್ಲಿ ಶುರುವಾಗಿ ಹಿಂಬದಿಗೆ ಹೋಗಿತ್ತು. ಮುಂಬದಿಯ ನಾಲ್ಕು ಸಾಲಿಗೆ ಒಂದೂವರೆ ಅಂಕ ಹಾಕಿ ಸುತ್ತು ಎಳೆದಿತ್ತು. ಹಿಂಬದಿಯಲ್ಲಿ ಹದಿನೈದು ಸಾಲು, ಒಂದು ಸರಿ ಗುರುತೂ ಇಲ್ಲ. ಪ್ರಬಂಧದ ಸಿಟ್ಟಿನಲ್ಲಿ ಮನೆಯವರು ಯಾರೂ ಆ ಪುಟವನ್ನು ಸರಿಯಾಗಿ ನೋಡಿರಲಿಲ್ಲ. "ಇದಕ್ಕೆ ಹಾಕಿ ಅರ್ಜಿ" ಎಂದು ಮೇಡಂ ಪ್ರಶ್ನೆಯ ಸಂಖ್ಯೆಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಕೊನೆಯ ದಿನಾಂಕ ಯಾವತ್ತು ಎಂದು ಕೇಳಿದರು.